ದಾರಂದದ ಗೆರೆಗಳು: ಹಾರ್ಮೋನ್ ಸರಿಯಿದ್ದೂ ಗಿಡ್ಡನಾಗಿದ್ದ ಹುಡುಗನ ಪ್ರಕರಣ

ಈ ಹುಡುಗನನ್ನು ಇಲ್ಲಿ ‘ಸು’ ಎಂದು ಕರೆಯುತ್ತೇನೆ. ಗುರುತು ಸಿಗದ ಹಾಗೆ ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಎತ್ತರ, ತೂಕ, ಔಷಧಿಯ ಲೆಕ್ಕ ಮಾತ್ರ ನನ್ನ ಕಡತದಲ್ಲಿ ಇದ್ದಂತೆಯೇ ಇವೆ. ನಾನು ಶಿರಸಿಯಲ್ಲಿ ಮಕ್ಕಳ ವೈದ್ಯ. ಹಾರ್ಮೋನ್ ತಜ್ಞನಲ್ಲ. ಆ ತಜ್ಞರನ್ನು ನೋಡಬೇಕೆಂದರೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಬಸ್ಸು ಹತ್ತಬೇಕು. ಆದರೆ ಅಲ್ಲಿಗೆ ಯಾರನ್ನು ಕಳಿಸಬೇಕು, ಯಾರನ್ನು ಕಳಿಸಬೇಕಾಗಿಲ್ಲ, ಅಲ್ಲಿಂದ ಔಷಧಿ ಬರೆಸಿಕೊಂಡು ಬಂದ ಮೇಲೆ ತಿಂಗಳು ತಿಂಗಳು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳೆಲ್ಲ ಊರಿನ ವೈದ್ಯನ ಮೇಜಿಗೇ ಬರುತ್ತವೆ.

2016ರ ಏಪ್ರಿಲ್‌ನಲ್ಲಿ ಸುವನ್ನು ಅವನ ತಂದೆ ತಾಯಿ ಕರೆತಂದರು. ಮಾರಿಕಾಂಬಾ ಜಾತ್ರೆ ಮುಗಿದು ಕೆಲವೇ ವಾರಗಳಾಗಿದ್ದವು. ಜಾತ್ರೆಯಲ್ಲಿ ಯಾವುದೋ ಆಟದ ಬಂಡಿಯ ಮುಂದೆ ಎತ್ತರ ನೋಡುವ ಕೋಲು ನೆಟ್ಟಿದ್ದರಂತೆ. ಏಳು ವರ್ಷದ ಚಿಕ್ಕಪ್ಪನ ಮಗ ಅದನ್ನು ದಾಟಿ ಒಳಗೆ ಹೋದ. ಒಂಬತ್ತು ದಾಟಿದ ಸು ಹೊರಗೆ ಉಳಿದ. ಮನೆಗೆ ಬಂದವನು ಎರಡು ದಿನ ಯಾರೊಂದಿಗೂ ಮಾತನಾಡಿರಲಿಲ್ಲ. ತಂದೆ ಅಡಿಕೆ ಬೆಳೆಗಾರರು. ಕೂತೊಡನೆ ಅವರು ಕೇಳಿದ್ದು ಒಂದೇ ಮಾತು: “ಡಾಕ್ಟರೇ, ಹಾರ್ಮೋನ್ ಇಂಜೆಕ್ಷನ್ ಕೊಡಿಸಿದರೆ ಮಕ್ಕಳು ಉದ್ದ ಆಗುತ್ತಾರಂತೆ. ಇವನಿಗೂ ಕೊಡಿಸೋಣವೇ?”

ಅಳತೆ

ಈ ವಿಷಯದಲ್ಲಿ ಅರ್ಧ ರೋಗನಿರ್ಣಯ ಅಳತೆಯಲ್ಲೇ ಇರುತ್ತದೆ. ಗೋಡೆಗೆ ಬಿಗಿದ ಅಳತೆಪಟ್ಟಿಗೆ ಹಿಮ್ಮಡಿ, ಪೃಷ್ಠ, ಬೆನ್ನು ತಾಗುವಂತೆ ಸುವನ್ನು ಬರಿಗಾಲಲ್ಲಿ ನಿಲ್ಲಿಸಿದೆ. ಕಣ್ಣಿನ ಕೆಳ ಅಂಚು ಮತ್ತು ಕಿವಿಯ ರಂಧ್ರ ಒಂದೇ ಮಟ್ಟದಲ್ಲಿ ಬರುವ ಹಾಗೆ ಗಲ್ಲ ಹಿಡಿದು ತಲೆ ಸರಿಪಡಿಸಿ, ಹಲಗೆಯನ್ನು ನೆತ್ತಿಗೆ ಇಳಿಸಿದೆ. ಮೂರು ಸಲ ಅಳೆದಾಗಲೂ 116.5 ಸೆಂ.ಮೀ. ಬಂತು. ತೂಕ 20 ಕಿಲೋ. ವಯಸ್ಸು 9 ವರ್ಷ 4 ತಿಂಗಳು. ಆ ವಯಸ್ಸಿನ ಹುಡುಗರ ಸರಾಸರಿಗಿಂತ ಇದು ಸುಮಾರು 15 ಸೆಂ.ಮೀ. ಕಡಿಮೆ.

ವೈದ್ಯರು ಇದನ್ನು, ಸರಾಸರಿಯಿಂದ ಎಷ್ಟು ದೂರ ಎಂದು ತೋರಿಸುವ ಎಸ್‌ಡಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸರಾಸರಿಯಿಂದ ಎರಡು ಎಸ್‌ಡಿ ಕೆಳಗೆ ಬಿದ್ದ ಮಗುವನ್ನು ಗಿಡ್ಡ ಎನ್ನುತ್ತೇವೆ. ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳು ಅಲ್ಲಿ ಬರುತ್ತಾರೆ. ಸು ಇದ್ದದ್ದು −2.5ರ ಹತ್ತಿರ, ಅಂದರೆ ಸಾವಿರದಲ್ಲಿ ಆರೇಳು ಮಕ್ಕಳ ಸಾಲಿನಲ್ಲಿ.

ಆಮೇಲೆ ತಂದೆ ತಾಯಿಯನ್ನೂ ಅದೇ ಗೋಡೆಗೆ ನಿಲ್ಲಿಸಿದೆ. ತಂದೆ ತಮ್ಮ ಎತ್ತರ ಐದಡಿ ಏಳು ಇಂಚು ಎಂದಿದ್ದರು. ಪಟ್ಟಿ 164 ಸೆಂ.ಮೀ. ತೋರಿಸಿತು, ಅಂದರೆ ಐದಡಿ ನಾಲ್ಕೂವರೆ ಇಂಚು. ಅವರು ಚಪ್ಪಲಿ ಕಳಚಿದ ಜಾಗವನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು. ಗಂಡಸರು ಬಾಯಲ್ಲಿ ಹೇಳುವ ಎತ್ತರವನ್ನು ನಾನು ಎಂದೂ ಬರೆದುಕೊಳ್ಳುವುದಿಲ್ಲ. ತಾಯಿ 150 ಸೆಂ.ಮೀ. ಗಂಡು ಮಗುವಾದರೆ ಇಬ್ಬರ ಸರಾಸರಿಗೆ ಆರೂವರೆ ಸೆಂ.ಮೀ. ಕೂಡಿಸುತ್ತೇವೆ. ಹಾಗೆ ಸುವಿನ ವಂಶದ ಗುರಿ 163.5 ಸೆಂ.ಮೀ. ಆಯಿತು. ತಂದೆಯ ಮಾತು ನಂಬಿದ್ದರೆ ಗುರಿ ಮೂರು ಸೆಂ.ಮೀ. ಮೇಲೆ ಹೋಗುತ್ತಿತ್ತು, ಹುಡುಗನಲ್ಲಿ ಇಲ್ಲದ ಕಾಯಿಲೆಯನ್ನು ನಾವು ಇನ್ನಷ್ಟು ಹುಡುಕುತ್ತಿದ್ದೆವು.

ಇಲ್ಲದ ಕಾಯಿಲೆ ಹುಡುಕುವ ತಪ್ಪನ್ನು ನಾನು ಇನ್ನೊಂದು ದಾರಿಯಲ್ಲಿ ಮಾಡಿಯೇಬಿಡುತ್ತಿದ್ದೆ. ತಾಯಿ ಶಾಲೆಯ ಆರೋಗ್ಯ ಪುಸ್ತಕ ತಂದಿದ್ದರು. ಅದರಲ್ಲಿ 2014ರ ಜೂನ್‌ನಲ್ಲಿ 110, 2015ರ ಜೂನ್‌ನಲ್ಲಿ 111 ಎಂದಿತ್ತು. ವರ್ಷಕ್ಕೆ ಒಂದು ಸೆಂ.ಮೀ. ಎಂದರೆ ಅದು ಗಿಡ್ಡತನವಲ್ಲ, ಬೆಳವಣಿಗೆ ನಿಂತಿದೆ ಎಂದರ್ಥ. ಥೈರಾಯ್ಡ್ ಕುಗ್ಗಿರಬಹುದು, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಬಳಿ ಗಡ್ಡೆಯೇ ಇರಬಹುದು. ಎಂಆರ್‌ಐ ಚೀಟಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ತಾಯಿ, “ಮನೆಯಲ್ಲಿ ಇವನ ಅಜ್ಜ ದೀಪಾವಳಿಗೊಮ್ಮೆ ದಾರಂದದ ಮೇಲೆ ಗೆರೆ ಎಳೆಯುತ್ತಾರೆ, ಅದು ಉಪಯೋಗಕ್ಕೆ ಬರುತ್ತದೆಯೇ ಸರ್?” ಎಂದರು.

ಮರುದಿನ ಟೇಪು ಹಿಡಿದು ತೆಗೆದ ಫೋಟೊ ಮೊಬೈಲಿಗೆ ಬಂತು. ಅಜ್ಜನಿಗೆ ಬಡಗಿ ಕೆಲಸ ಗೊತ್ತಿತ್ತು. ಮೊಮ್ಮಗನ ತಲೆಯ ಮೇಲೆ ಮೂಲೆಮಟ್ಟ ಇಟ್ಟು, ಸೀಸದ ಕಡ್ಡಿಯಿಂದ ಗೀರಿ, ಪಕ್ಕದಲ್ಲಿ ಇಸವಿ ಬರೆದಿದ್ದರು. 2011ರಿಂದ 2015ರವರೆಗೆ ಐದು ಗೆರೆಗಳು. ನಡುವಿನ ಅಂತರ ಕ್ರಮವಾಗಿ 5.0, 4.8, 4.5, 4.4 ಸೆಂ.ಮೀ. ಶಾಲೆಯಲ್ಲಿ ಒಂದು ವರ್ಷ ಬೂಟು ಹಾಕಿಸಿ, ಮರುವರ್ಷ ಬಿಚ್ಚಿಸಿ ಅಳೆದಿದ್ದರು ಎಂದು ಕಾಣುತ್ತದೆ. ಅಜ್ಜನ ಗೆರೆಗಳು ಬೇರೆಯದನ್ನೇ ಹೇಳುತ್ತಿದ್ದವು. ಈ ಹುಡುಗ ಐದನೇ ವಯಸ್ಸಿನಲ್ಲೂ ಅಷ್ಟೇ ಗಿಡ್ಡನಿದ್ದ. ನಿಧಾನವಾಗಿ, ಆದರೆ ಎಲ್ಲೂ ಮುಗ್ಗರಿಸದೆ, ತನ್ನದೇ ಕೆಳಗಿನ ಹಾದಿಯಲ್ಲಿ ಬೆಳೆಯುತ್ತ ಬಂದಿದ್ದ. ಎಂಆರ್‌ಐ ಚೀಟಿ ಹರಿದು ಹಾಕಿದೆ.

ತಳ್ಳಿಹಾಕಬೇಕಾದವು

ಕಾರಣ ತಿಳಿಯದ ಗಿಡ್ಡತನ, ಅಂದರೆ ಇಡಿಯೋಪಥಿಕ್ ಶಾರ್ಟ್ ಸ್ಟೇಚರ್ ಎಂಬ ಹೆಸರನ್ನು ಮೊದಲಿಗೇ ಕೊಡಲು ಬರುವುದಿಲ್ಲ. ಬೇರೆಲ್ಲ ಕಾರಣಗಳು ಇಲ್ಲ ಎಂದ ಮೇಲೆ ಉಳಿಯುವ ಹೆಸರು ಅದು. ಹುಟ್ಟುವಾಗಿನ ತೂಕ 2.9 ಕಿಲೋ ಇತ್ತು. ಹೊಟ್ಟೆಯಲ್ಲೇ ಚಿಕ್ಕದಾಗಿ ಉಳಿದ ಮಗುವಲ್ಲ. ರಕ್ತದ ಪ್ರಮಾಣ, ಮೂತ್ರಪಿಂಡ, ಥೈರಾಯ್ಡ್, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯ ಪರೀಕ್ಷೆ ಎಲ್ಲವೂ ಸರಿಯಿದ್ದವು. ಮುಂದೋಳು ಮೊಣಕಾಲುಗಳನ್ನು ನೋಡಿ, ಕೂತ ಎತ್ತರವನ್ನೂ ಅಳೆದೆ. ಶಾಕ್ಸ್ ಎಂಬ ಜೀನಿನ ದೋಷವಿದ್ದರೆ ಕೈಕಾಲು ಮುಂಡಕ್ಕಿಂತ ಗಿಡ್ಡವಿರುತ್ತವೆ. ಸುವಿನ ಅಂಗಾಂಗ ಪ್ರಮಾಣ ಸರಿಯಾಗಿತ್ತು. ಇವನು ಹುಡುಗಿಯಾಗಿದ್ದರೆ ಇನ್ನೊಂದು ಪರೀಕ್ಷೆಯನ್ನು ಬಿಡುವ ಹಾಗೆಯೇ ಇರಲಿಲ್ಲ, ಕ್ರೋಮೋಸೋಮ್ ಪರೀಕ್ಷೆ. ಟರ್ನರ್ ಸಿಂಡ್ರೋಮ್ ಇರುವ ಎಷ್ಟೋ ಹುಡುಗಿಯರಲ್ಲಿ ಗಿಡ್ಡತನ ಬಿಟ್ಟು ಬೇರೆ ಲಕ್ಷಣವೇ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಟರ್ನರ್, ಶಾಕ್ಸ್ ದೋಷ, ಚಿಕ್ಕದಾಗಿ ಹುಟ್ಟಿ ಎರಡು ಮೂರು ವರ್ಷವಾದರೂ ಎತ್ತರ ಹಿಡಿಯದ ಮಕ್ಕಳು, ಇವರೆಲ್ಲರ ರಕ್ತದಲ್ಲೂ ಬೆಳವಣಿಗೆ ಹಾರ್ಮೋನ್ ಸಾಮಾನ್ಯವಾಗಿಯೇ ಇರುತ್ತದೆ. ಆದರೂ ಹೊರಗಿನಿಂದ ಕೊಟ್ಟ ಹಾರ್ಮೋನ್ ಅವರಲ್ಲಿ ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ಹಾಗಾಗಿ ‘ಹಾರ್ಮೋನ್ ಸರಿಯಿದೆ, ಇಂಜೆಕ್ಷನ್ ಬೇಡ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ತಪ್ಪು. ‘ಗಿಡ್ಡನಿದ್ದಾನೆ, ಕೊಡೋಣ’ ಎನ್ನುವುದೂ ಅಷ್ಟೇ ತಪ್ಪು. ಸುವಿನಂಥವರು ಈ ಎರಡರ ನಡುವಿನ ಮಸುಕು ಜಾಗದಲ್ಲಿ ನಿಲ್ಲುತ್ತಾರೆ.

ಎಡಗೈಯ ಎಕ್ಸ್‌ರೇ ತೆಗೆಸಿದೆ. ಮಣಿಕಟ್ಟಿನ ಪುಟ್ಟ ಮೂಳೆಗಳು, ಬೆರಳುಗಳ ತುದಿಯ ಬೆಳೆಯುವ ಪದರಗಳು ಏಳೂವರೆ ವರ್ಷದ ಹುಡುಗನ ಹಾಗಿದ್ದವು. ಮೂಳೆಯ ವಯಸ್ಸು ಸುಮಾರು ಎರಡು ವರ್ಷ ಹಿಂದಿತ್ತು. ತಂದೆಯನ್ನು ಕೇಳಿದಾಗ ಅವರೂ ಪಿಯುಸಿಯವರೆಗೆ ಮೊದಲ ಬೆಂಚಿನವರೇ, ಮೀಸೆ ಬಂದದ್ದು ತಡವಾಗಿ ಎಂದು ತಿಳಿಯಿತು. ತಡವಾಗಿ ಬೆಳೆಯುವ ಮನೆತನ. ತಡವಾಗಿ ಬೆಳೆಯುವವರಿಗೆ ಮುಂದೆ ಇನ್ನೂ ಸಮಯ ಉಳಿದಿರುತ್ತದೆ, ಕಾದರೆ ಸಾಕು ಎಂದು ನನಗೂ ಮೊದಲು ಅನ್ನಿಸಿತು.

ಹುಬ್ಬಳ್ಳಿಯ ಹಾರ್ಮೋನ್ ತಜ್ಞರು ನನ್ನನ್ನು ತಿದ್ದಿದ್ದು ಇಲ್ಲಿ. ಮೂಳೆಯ ವಯಸ್ಸು ಮತ್ತು ಈಗಿನ ಎತ್ತರ ಇಟ್ಟುಕೊಂಡು ಮುಂದಿನ ಎತ್ತರ ಊಹಿಸುವ ಕೋಷ್ಟಕಗಳಿವೆ. ಅವುಗಳ ಪ್ರಕಾರ ಸು 158ರಿಂದ 159 ಸೆಂ.ಮೀ.ಗೆ ನಿಲ್ಲುತ್ತಾನೆ. “ಆ ಎರಡು ವರ್ಷದ ವಿಳಂಬವನ್ನು ಸೇರಿಸಿಯೇ ಈ 158 ಬಂದಿದೆ. ಅದನ್ನು ಇನ್ನೊಮ್ಮೆ ಕೂಡಿಸಿ ಸಮಾಧಾನಪಟ್ಟುಕೊಳ್ಳಬೇಡಿ” ಎಂದರು ಅವರು. ಹುಡುಗ ತಡವಾಗಿ ಬೆಳೆಯುತ್ತಾನೆ, ನಿಜ. ಹಾಗೆ ಬೆಳೆದರೂ ತನ್ನ ಮನೆಯ ಗುರಿಗಿಂತ ಐದು ಸೆಂ.ಮೀ. ಕೆಳಗೆ ನಿಲ್ಲುವ ಸಾಧ್ಯತೆಯೇ ಹೆಚ್ಚು. ಈ ಊಹೆಯಲ್ಲಿ ಐದಾರು ಸೆಂ.ಮೀ. ಆಚೀಚೆ ಆಗಬಹುದು ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಹಾರ್ಮೋನ್ ಪರೀಕ್ಷೆಯೂ ಅಲ್ಲೇ ಆಯಿತು. ಬೆಳವಣಿಗೆ ಹಾರ್ಮೋನ್ ದಿನವಿಡೀ ಒಂದೇ ಸಮನೆ ಬರುವುದಿಲ್ಲ, ಹೆಚ್ಚಾಗಿ ನಿದ್ದೆಯಲ್ಲಿ ಅಲೆ ಅಲೆಯಾಗಿ ಬರುತ್ತದೆ. ಆದ್ದರಿಂದ ಯಾವುದೋ ಹೊತ್ತಿನಲ್ಲಿ ಒಂದು ಸಲ ರಕ್ತ ತೆಗೆದು ನೋಡಿದರೆ ಏನೂ ತಿಳಿಯುವುದಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಈ ಹಾರ್ಮೋನ್ ಹೊರಬರುವಂತೆ ಕೆಣಕುವ ಕ್ಲೋನಿಡಿನ್ ಮಾತ್ರೆ ನುಂಗಿಸಿ, ಅರ್ಧ ಗಂಟೆಗೊಮ್ಮೆ ರಕ್ತ ತೆಗೆಯುತ್ತ ಎರಡು ಗಂಟೆ ಕಾದರು. ಈ ಮಾತ್ರೆಯಿಂದ ರಕ್ತದೊತ್ತಡ ಇಳಿದು ತೂಕಡಿಕೆ ಬರುತ್ತದೆ. ಸು ತಾಯಿಯ ತೊಡೆಯ ಮೇಲೆ ಮಲಗಿಬಿಟ್ಟಿದ್ದ. ಹಾರ್ಮೋನ್ 14 ನ್ಯಾನೊಗ್ರಾಂವರೆಗೆ ಏರಿತು. ಹತ್ತು ದಾಟಿದರೆ ಕೊರತೆ ಇಲ್ಲ ಎನ್ನಲು ಧಾರಾಳ ಸಾಕು. ಅಂದರೆ ಈ ಹಾರ್ಮೋನ್ ತಯಾರಿಸುವ ಪಿಟ್ಯುಟರಿ ತನ್ನ ಕೆಲಸ ಮಾಡುತ್ತಿತ್ತು.

ಒಂದು ವರ್ಷ ಸುಮ್ಮನಿದ್ದದ್ದು

ತಂದೆಗೆ ಆಗಲೇ ಶುರು ಮಾಡಬೇಕಿತ್ತು. ನಾವು ಒಂದು ವರ್ಷ ಅಳೆಯುತ್ತ ಕಾದೆವು. 2017ರ ಏಪ್ರಿಲ್‌ಗೆ ಎತ್ತರ 120.7 ಸೆಂ.ಮೀ., ವರ್ಷದ ಬೆಳವಣಿಗೆ 4.2. ಇದು ಸಾಮಾನ್ಯದ ಕೆಳ ಅಂಚು. ಔಷಧಿ ಕೊಟ್ಟ ಮೇಲೆ ಹೋಲಿಸಿ ನೋಡಲು ಒಂದು ನಂಬಬಹುದಾದ ‘ಮೊದಲಿನ ವೇಗ’ ನಮಗೆ ಬೇಕಿತ್ತು. ಈ ಒಂದು ವರ್ಷ ಹಾಳಾಯಿತೆಂದು ತಂದೆ ಬಹಳ ದಿನ ಗೊಣಗುತ್ತಿದ್ದರು. ಅದಿಲ್ಲದಿದ್ದರೆ ಮುಂದಿನ ಯಾವ ನಿರ್ಧಾರಕ್ಕೂ ಕಾಲೂರಲು ನೆಲ ಇರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಬೇಗ ಶುರು ಮಾಡಿದಷ್ಟೂ ಫಲ ಹೆಚ್ಚು ಎಂಬುದೂ ನಿಜವೇ. ಹಾಗಾಗಿ ಒಂದು ವರ್ಷಕ್ಕಿಂತ ಹೆಚ್ಚು ಕಾಯಲಿಲ್ಲ.

ಕಾಯುವ ಹೊತ್ತಿನಲ್ಲಿ ಮಾತುಕತೆ ನಡೆಯಿತು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2003ರಲ್ಲಿ, −2.25 ಎಸ್‌ಡಿಗಿಂತ ಕೆಳಗಿದ್ದು ದೊಡ್ಡವರಾದಾಗಲೂ ಸಾಮಾನ್ಯ ಎತ್ತರ ಮುಟ್ಟುವಂತೆ ಕಾಣದ ಮಕ್ಕಳಿಗೆ, ಹಾರ್ಮೋನ್ ಕೊರತೆ ಇಲ್ಲದಿದ್ದರೂ ಈ ಔಷಧಿಗೆ ಒಪ್ಪಿಗೆ ಕೊಟ್ಟಿತು. ಯುರೋಪಿನ ಸಂಸ್ಥೆ ಇಂಥ ಮಕ್ಕಳಿಗೆ ಇದನ್ನು ಕೊಡಲು ಇವತ್ತಿಗೂ ಒಪ್ಪಿಲ್ಲ. 2016ರ ಕೊನೆಗೆ ಬಂದ ಅಮೆರಿಕದ ಮಕ್ಕಳ ಹಾರ್ಮೋನ್ ತಜ್ಞರ ಮಾರ್ಗಸೂಚಿಯೂ, ಆ ಗೆರೆಯ ಕೆಳಗಿರುವ ಎಲ್ಲರಿಗೂ ರೂಢಿಯಂತೆ ಕೊಡಬೇಡಿ, ಒಬ್ಬೊಬ್ಬರ ಪ್ರಕರಣವನ್ನೂ ತೂಗಿ ನೋಡಿ ಎಂದಿತು. ಇದರ ಅರ್ಥವನ್ನು ತಂದೆಗೆ ಹೀಗೆ ವಿವರಿಸಿದೆ. ಕೊರತೆಯಿರುವ ಮಗುವಿಗೆ ಹಾರ್ಮೋನ್ ಕೊಡುವುದೆಂದರೆ ಬತ್ತಿದ ತೋಟಕ್ಕೆ ನೀರು ಬಿಟ್ಟ ಹಾಗೆ. ಇವನದು ನೀರಿರುವ ತೋಟ. ಇನ್ನಷ್ಟು ಬಿಟ್ಟರೆ ಫಸಲು ಸ್ವಲ್ಪ ಹೆಚ್ಚಬಹುದು, ಹೆಚ್ಚದೆಯೂ ಇರಬಹುದು.

“ಸ್ವಲ್ಪ ಎಂದರೆ ಎಷ್ಟು?” ಎಂದು ಅವರು ಕೇಳಿದರು. ಅರ್ಧ ಮಕ್ಕಳಿಗೆ ಖಾಲಿ ಇಂಜೆಕ್ಷನ್ ಕೊಟ್ಟು ಹೋಲಿಸಿದ, ದೊಡ್ಡವರಾಗುವವರೆಗೂ ಹಿಂಬಾಲಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಂಡ ಲಾಭ ಸರಾಸರಿ 3.7 ಸೆಂ.ಮೀ. ಅಲ್ಲಿ ವಾರಕ್ಕೆ ಮೂರೇ ಸಲ, ಕಡಿಮೆ ಪ್ರಮಾಣದಲ್ಲಿ ಕೊಟ್ಟಿದ್ದರು. ಎಷ್ಟೋ ಮಕ್ಕಳು ನಡುವೆಯೇ ಬಿಟ್ಟುಹೋಗಿದ್ದರು. ದಿನಾ ಕೊಟ್ಟವರಲ್ಲಿ ನಾಲ್ಕರಿಂದ ಏಳು ವರ್ಷಗಳ ಚಿಕಿತ್ಸೆಗೆ ಸರಾಸರಿ ಮೂರೂವರೆಯಿಂದ ಏಳೂವರೆ ಸೆಂ.ಮೀ. ಎಂದು ತಜ್ಞರು ಲೆಕ್ಕ ಹಾಕುತ್ತಾರೆ. ಸರಾಸರಿ ಎಂಬ ಮಾತಿಗೆ ನಾನು ಒತ್ತು ಕೊಟ್ಟೆ. ಕೆಲವರಿಗೆ ಏನೂ ಸಿಗುವುದಿಲ್ಲ.

ಆಗ ತಂದೆಯ ಮನಸ್ಸಿನಲ್ಲಿದ್ದದ್ದು ಹೊರಬಂತು. ಅವರಿಗೆ ಮಗ ಪೊಲೀಸ್ ಇಲಾಖೆ ಸೇರಬೇಕಿತ್ತು. ನಮ್ಮ ರಾಜ್ಯದಲ್ಲಿ ಕಾನ್‌ಸ್ಟೆಬಲ್ ಹುದ್ದೆಗೆ ಗಂಡಸರಿಗೆ 168 ಸೆಂ.ಮೀ. ಬೇಕು. ಕಾಗದದ ಮೇಲೆ ಬರೆದು ತೋರಿಸಿದೆ: 158ಕ್ಕೆ ಐದು ಕೂಡಿಸಿದರೆ 163. ಅದೃಷ್ಟ ಚೆನ್ನಾಗಿದ್ದು ಏಳೂವರೆ ಬಂದರೂ 165.5. ಅವರು ಬಹಳ ಹೊತ್ತು ಆ ಕಾಗದ ನೋಡಿದರು. ಔಷಧಿ ಕೆಲಸ ಮಾಡಿದರೂ ಅವರ ಆಸೆ ಕೈಗೂಡುವುದಿಲ್ಲ ಎಂಬುದು ಮೊದಲ ಇಂಜೆಕ್ಷನ್‌ಗೂ ಮುಂಚೆ ತಿಳಿದದ್ದು ಒಳ್ಳೆಯದಾಯಿತು. ಮೂರು ವರ್ಷ ಕಳೆದ ಮೇಲೆ ತಿಳಿದಿದ್ದರೆ ಸಿಟ್ಟೆಲ್ಲ ಹುಡುಗನ ಮೇಲೆ ತಿರುಗುತ್ತಿತ್ತು.

ಸುವಿನೊಂದಿಗೆ ಒಬ್ಬನೇ ಇದ್ದಾಗ ಮಾತನಾಡಿದೆ. “ತಮ್ಮಾ, ನಿನಗೆ ಏನು ಬೇಕು?” ಎಂದೆ. ಅವನ ದೂರುಗಳು ಎರಡೇ. ಬಸ್ಸಿನಲ್ಲಿ ಯಾರಾದರೂ ಎಷ್ಟನೇ ಕ್ಲಾಸು ಎಂದು ಕೇಳಿ, ಐದು ಎಂದ ಕೂಡಲೇ “ಹೌದಾ?” ಎಂದು ನಗುವುದು ಒಂದು. ಯಕ್ಷಗಾನ ತರಗತಿಯಲ್ಲಿ ಮೂರು ವರ್ಷದಿಂದ ತನಗೆ ಬಾಲಗೋಪಾಲನ ವೇಷವೇ ಗತಿ, ಅಭಿಮನ್ಯು ಬೇರೆಯವರ ಪಾಲು ಎಂಬುದು ಇನ್ನೊಂದು. ದಿನಾ ರಾತ್ರಿ ಚುಚ್ಚಬೇಕಾಗುತ್ತದೆ, ಕೆಲವು ವರ್ಷ ಎಂದೆ. ಸೂಜಿ ತೋರಿಸಿ ಎಂದ. ಇಂಜೆಕ್ಷನ್ ಪೆನ್ನಿನ ತುದಿಯ ಕೂದಲಿನಂಥ ಸೂಜಿ ನೋಡಿ, ಇಂಬಳ ಕಚ್ಚಿದಷ್ಟೂ ಇಲ್ಲ ಎಂದು ತಾನೇ ತೀರ್ಮಾನಿಸಿದ. ಗಿಡ್ಡತನದಿಂದ ಮಕ್ಕಳ ಮನಸ್ಸು ಕುಗ್ಗಿಯೇ ಕುಗ್ಗುತ್ತದೆ, ನಾಲ್ಕು ಸೆಂ.ಮೀ. ಕೂಡಿಸಿದರೆ ಅರಳುತ್ತದೆ ಎಂಬುದಕ್ಕೆ ಹೇಳಿಕೊಳ್ಳುವಂಥ ಪುರಾವೆ ಇಲ್ಲ. ಸು ಕುಗ್ಗಿದವನಲ್ಲ, ಕಿರಿಕಿರಿಗೊಂಡವನು. ಮನಸ್ಸು ನಿಜವಾಗಿ ಕುಗ್ಗಿದ್ದರೆ ನಾನು ಹಾರ್ಮೋನಿಗಿಂತ ಮೊದಲು ಆಪ್ತ ಸಮಾಲೋಚಕರ ಬಳಿ ಕಳಿಸುತ್ತಿದ್ದೆ.

ತೂಗಿ ನೋಡಿದಾಗ ಇವನ ಪರವಾಗಿ ಇದ್ದವು ಇಷ್ಟು: ಎತ್ತರ −2.25ರ ಗೆರೆಗಿಂತ ಕೆಳಗಿತ್ತು, ಊಹಿಸಿದ ಎತ್ತರ ತಂದೆ ತಾಯಿಯ ಲೆಕ್ಕಕ್ಕಿಂತ ಕಡಿಮೆಯಿತ್ತು, ಮೂಳೆ ಇನ್ನೂ ಎಳೆಯದಿತ್ತು, ಪ್ರಾಯದ ಲಕ್ಷಣ ಶುರುವಾಗಿರಲಿಲ್ಲ. ವಂಶದ ಗುರಿಯೇ 158 ಆಗಿದ್ದರೆ ನಾನು ಬೇಡ ಎನ್ನುತ್ತಿದ್ದೆ. ಅಂಥ ಮಗು ತನ್ನ ಮನೆಯವರಂತೆಯೇ ಬೆಳೆಯುತ್ತಿರುತ್ತದೆ, ಔಷಧಿಗೆ ಸ್ಪಂದಿಸುವುದೂ ಸಾಮಾನ್ಯವಾಗಿ ಕಡಿಮೆ. ಉಳಿದದ್ದು ದುಡ್ಡು. ತೋಟ ಮಾರದೆ, ಸಾಲ ಮಾಡದೆ ಒಂದು ವರ್ಷ ನಡೆಸಲು ಆಗುತ್ತದೆಯೇ ಎಂದು ಕೇಳಿದೆ. ಆಗುತ್ತದೆ ಎಂದರು.

ಮೊದಲ ವರ್ಷ, ಒಂದು ಷರತ್ತಿನ ಮೇಲೆ

2017ರ ಜೂನ್‌ನಲ್ಲಿ ಶುರುವಾಯಿತು. ಆಗ ಸು 121.4 ಸೆಂ.ಮೀ., 22 ಕಿಲೋ. ತಜ್ಞರು ವಾರಕ್ಕೆ ಕಿಲೋ ತೂಕಕ್ಕೆ 0.24 ಮಿ.ಗ್ರಾಂ. ಎಂದು ಲೆಕ್ಕ ಹಾಕಿ ದಿನಕ್ಕೆ 0.75 ಮಿ.ಗ್ರಾಂ. ಬರೆದರು. ರಾತ್ರಿ ಮಲಗುವಾಗ, ತೊಡೆ ಅಥವಾ ಹೊಟ್ಟೆಯ ಚರ್ಮದಡಿಗೆ, ದಿನಾ ಜಾಗ ಬದಲಿಸಿ. ತಿಂಗಳ ಖರ್ಚು 16 ಸಾವಿರ ರೂಪಾಯಿಯ ಆಸುಪಾಸು.

ಶುರು ಮಾಡುವ ದಿನವೇ ನಿಲ್ಲಿಸುವ ಷರತ್ತನ್ನೂ ಕಡತದಲ್ಲಿ ಬರೆದು ತಂದೆಯ ಸಹಿ ಹಾಕಿಸಿಕೊಂಡೆ. ಒಂದು ವರ್ಷದಲ್ಲಿ ಬೆಳವಣಿಗೆಯ ವೇಗ ಮೊದಲಿಗಿಂತ ಎರಡೂವರೆ ಮೂರು ಸೆಂ.ಮೀ.ನಷ್ಟಾದರೂ ಹೆಚ್ಚದಿದ್ದರೆ ನಿಲ್ಲಿಸುವುದು, ಪ್ರಮಾಣ ಏರಿಸುತ್ತ ಹೋಗದಿರುವುದು. ಈ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದು ಎಂದರೆ ಇದನ್ನೇ ತೋರಿಸುತ್ತೇನೆ. ಮೊದಲ ವರ್ಷದ ಪ್ರತಿಕ್ರಿಯೆಯೇ ಮುಂದಿನ ವರ್ಷಗಳ ಬಗ್ಗೆ ಅತ್ಯಂತ ನೆಚ್ಚಬಹುದಾದ ಸುಳಿವು. ಆದರೆ ದುಡ್ಡು ಸುರಿದಾದ ಮೇಲೆ ‘ಇನ್ನೊಂದು ವರ್ಷ ನೋಡೋಣ’ ಎನ್ನದವರು ಕಡಿಮೆ. ವೈದ್ಯರೂ ಅದಕ್ಕೆ ಹೊರತಲ್ಲ.

ಎರಡು ತೊಡಕುಗಳು ಬಂದವು. ಮೊದಲನೆಯದು ನಮ್ಮ ಮಳೆಗಾಲದ್ದು. ಈ ಔಷಧಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಜುಲೈಯಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಹೋಯಿತು. ತಾಯಿ ಜಾಣತನದಿಂದ ಪೇಟೆಯಿಂದ ಐಸ್ ತರಿಸಿ ಥರ್ಮಾಕೋಲ್ ಡಬ್ಬಿಯಲ್ಲಿ ಪೆನ್ನನ್ನು ಹೂತಿಟ್ಟರು. ಬಿಸಿಯಿಂದ ಕಾಪಾಡಲು ಹೋಗಿ ಅದನ್ನು ಹೆಪ್ಪುಗಟ್ಟಿಸಿದ್ದರು. ಹೆಪ್ಪುಗಟ್ಟಿದರೆ ಈ ಪ್ರೋಟೀನ್ ಕೆಡುತ್ತದೆ. ಕರಗಿದ ಮೇಲೆ ನೋಡಲು ಮೊದಲಿನಂತೆ ತಿಳಿ ನೀರಾಗಿಯೇ ಇರಬಹುದು. ಹತ್ತು ದಿನ ಅದನ್ನೇ ಚುಚ್ಚಿದ್ದರು. ಮುಂದಿನ ಭೇಟಿಯಲ್ಲಿ ಅವರು ಹೆಮ್ಮೆಯಿಂದ ಈ ಕತೆ ಹೇಳದೇ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆ ಪೆನ್ನು ಎಸೆದೆವು. ಆಮೇಲೆ ಪೆನ್ನಿಗೆ ಟವೆಲ್ ಸುತ್ತಿ, ಐಸ್‌ಗೆ ತಾಗದಂತೆ ನಡುವೆ ರಟ್ಟು ಇಡುವ ಕ್ರಮ ಬಂತು. ಇದನ್ನು ಮೊದಲ ದಿನವೇ ಹೇಳಿಕೊಡದಿದ್ದದ್ದು ನನ್ನ ತಪ್ಪು.

ಎರಡನೆಯದು ಮೊಣಕಾಲು ನೋವು. ಎಂಟನೇ ತಿಂಗಳಲ್ಲಿ ಯಕ್ಷಗಾನದ ಮಂಡಿ ಕುಣಿತ ಕಲಿತು ಬಂದವನು ಬಲ ಮೊಣಕಾಲು ಹಿಡಿದುಕೊಂಡು ಕುಂಟುತ್ತಿದ್ದ. ಕುಣಿತದ ನೋವು ಎಂದು ಮನೆಯವರು ಎಣ್ಣೆ ಹಚ್ಚಿದ್ದರು. ನಾನು ಎಕ್ಸ್‌ರೇ ತೆಗೆಸಿದ್ದು ಮೊಣಕಾಲಿನದ್ದಲ್ಲ, ಸೊಂಟದ ಕೀಲಿನದ್ದು. ಬೇಗ ಬೆಳೆಯುವ ಮಕ್ಕಳಲ್ಲಿ, ಈ ಔಷಧಿ ತೆಗೆದುಕೊಳ್ಳುವವರಲ್ಲಂತೂ, ತೊಡೆಮೂಳೆಯ ತಲೆ ತನ್ನ ಬೆಳೆಯುವ ಪದರದ ಮೇಲೆ ಜಾರಬಹುದು. ಆ ನೋವು ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವುದುಂಟು. ತಡ ಮಾಡಿದರೆ ಕೀಲೇ ಹೋಗುತ್ತದೆ. ಸುವಿನ ಕೀಲು ಸರಿಯಿತ್ತು, ನೋವು ನಿಜವಾಗಿಯೂ ಕುಣಿತದ್ದೇ ಆಗಿತ್ತು. ಕುಂಟುವುದು, ಬಿಡದ ತಲೆನೋವು, ತಲೆನೋವಿನ ಜೊತೆ ವಾಂತಿ ಅಥವಾ ಕಣ್ಣು ಮಂಜಾಗುವುದು, ಈ ಯಾವುದಕ್ಕೂ ಮುಂದಿನ ಭೇಟಿಯವರೆಗೆ ಕಾಯಬೇಡಿ ಎಂದು ಬರೆದುಕೊಟ್ಟೆ. ಮೂರರಿಂದ ಆರು ತಿಂಗಳಿಗೊಮ್ಮೆ ಬೆನ್ನಿನ ಬಾಗು, ಸಕ್ಕರೆ, ಥೈರಾಯ್ಡ್, ಬೆಳವಣಿಗೆ ಹಾರ್ಮೋನಿನ ಪ್ರಭಾವವನ್ನು ರಕ್ತದಲ್ಲಿ ತೋರಿಸುವ ಐಜಿಎಫ್-1 ನೋಡುತ್ತಿದ್ದೆವು. ಐಜಿಎಫ್-1 ವಯಸ್ಸಿನ ಮಿತಿ ದಾಟಿದರೆ ಪ್ರಮಾಣ ಇಳಿಸಬೇಕು. ಇವನದು ದಾಟಲಿಲ್ಲ.

2018ರ ಜೂನ್‌ನಲ್ಲಿ 129.0 ಸೆಂ.ಮೀ. ವರ್ಷದಲ್ಲಿ 7.6. ಮೊದಲಿನ 4.2ಕ್ಕಿಂತ 3.4 ಹೆಚ್ಚು. −2.5ರಲ್ಲಿದ್ದವನು −2.1ರ ಹತ್ತಿರ ಬಂದಿದ್ದ. ಷರತ್ತು ದಾಟಿದ್ದ, ಮುಂದುವರಿಸಿದೆವು.

ಸುದ್ದಿ ಹಬ್ಬಿತು. ಆ ಮಳೆಗಾಲದಲ್ಲಿ ಸುವಿನ ಸೋದರತ್ತೆ ತಮ್ಮ ಮಗನನ್ನು ಕರೆತಂದರು. ಹದಿಮೂರು ವರ್ಷ ಎಂಟು ತಿಂಗಳು, 139 ಸೆಂ.ಮೀ., ಸುವಿಗಿಂತ ಹೆಚ್ಚು ನೊಂದವನು. ಮೂಳೆಯ ವಯಸ್ಸು ಹನ್ನೊಂದೂವರೆ. ಅದರಿಂದ ಊಹಿಸಿದ ಎತ್ತರ 168 ಸೆಂ.ಮೀ.! ಅವನದು ಬರೀ ವಿಳಂಬ. ಹಾರ್ಮೋನ್ ಬೇಡ ಎಂದಾಗ, ದುಡ್ಡು ಕೊಡುತ್ತೇವೆ ಎಂದರೂ ಯಾಕೆ ಬೇಡ ಎಂದು ಅವನ ತಂದೆ ರೇಗಿದರು. ಹದಿನಾಲ್ಕು ತುಂಬಿದ ಮೇಲೆ ತಜ್ಞರು ತಿಂಗಳಿಗೊಂದರಂತೆ ಟೆಸ್ಟೊಸ್ಟಿರಾನ್‌ನ ಕಡಿಮೆ ಪ್ರಮಾಣದ ಮೂರು ಇಂಜೆಕ್ಷನ್ ಕೊಟ್ಟರು. ಪ್ರಾಯಕ್ಕೆ ಕಿಡಿ ಹೊತ್ತಿಸಲು ಅಷ್ಟೇ ಸಾಕಾಯಿತು. ಆ ಹುಡುಗ ಈಗ ನನಗಿಂತ ಎತ್ತರ. ಅವನು ಸುವಿಗಿಂತ ಹೆಚ್ಚು ಕುಳ್ಳನಾಗಿ ಕಾಣುತ್ತಿದ್ದ, ಆದರೆ ಔಷಧಿಯ ಅಗತ್ಯ ಅವನಿಗೆ ಒಂದಿಷ್ಟೂ ಇರಲಿಲ್ಲ.

ನಿಲ್ಲಿಸಿದ್ದು

ಎರಡನೇ ವರ್ಷ 6.2 ಸೆಂ.ಮೀ. ಬಂತು. ಮೊದಲ ವರ್ಷದ ಜಿಗಿತ ಎರಡನೇ ವರ್ಷ ತಗ್ಗುವುದು ವಾಡಿಕೆ. ಇದನ್ನು ಮುಂಚೆ ಹೇಳಿಡದಿದ್ದರೆ ಮನೆಯವರು ಔಷಧಿ ನಕಲಿ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗುತ್ತಾರೆ. ಮೂರನೇ ವರ್ಷದಲ್ಲಿ 2020ರ ಲಾಕ್‌ಡೌನ್ ಬಂದು ಏಳು ವಾರ ಔಷಧಿ ಸಿಗಲಿಲ್ಲ, ವರ್ಷದ ಬೆಳವಣಿಗೆ 5.1. ಆಗಷ್ಟೇ ಪ್ರಾಯದ ಮೊದಲ ಲಕ್ಷಣಗಳು ಕಂಡವು. ಮರುವರ್ಷ 8 ಸೆಂ.ಮೀ. ಇದರಲ್ಲಿ ಔಷಧಿಯದೆಷ್ಟು, ಪ್ರಾಯದ್ದೆಷ್ಟು ಎಂದು ಬೇರ್ಪಡಿಸಲು ಯಾರಿಂದಲೂ ಆಗದು.

2021ರ ಜೂನ್‌ನಲ್ಲಿ ಸುವಿಗೆ ಹದಿನಾಲ್ಕೂವರೆ, 148.3 ಸೆಂ.ಮೀ., 37 ಕಿಲೋ. ತೂಕದ ಜೊತೆ ಪ್ರಮಾಣವೂ, ಪ್ರಮಾಣದ ಜೊತೆ ಖರ್ಚೂ ಏರಿ ತಿಂಗಳಿಗೆ 27 ಸಾವಿರ ಆಗಿತ್ತು. ಮೂಳೆಯ ವಯಸ್ಸು ಹದಿಮೂರು ಮುಕ್ಕಾಲು. ಎರಡು ವರ್ಷವಿದ್ದ ವಿಳಂಬ ಒಂಬತ್ತು ತಿಂಗಳಿಗೆ ಇಳಿದಿತ್ತು. ಅಂದರೆ ಬೆಳೆದದ್ದರಲ್ಲಿ ಒಂದು ಪಾಲನ್ನು ಅವನು ತನ್ನ ಮುಂದಿನ ಸಮಯದಿಂದಲೇ ಕಡ ತಂದಿದ್ದ. ಹೊಸ ಊಹೆ 163 ಸೆಂ.ಮೀ.

ಮುಂದುವರಿಸುವುದೇ ನಿಲ್ಲಿಸುವುದೇ ಎಂಬುದರಲ್ಲಿ ತಜ್ಞರಲ್ಲೇ ಎರಡು ಮತ. ವರ್ಷದ ಬೆಳವಣಿಗೆ ಎರಡು ಸೆಂ.ಮೀ.ಗೆ ಇಳಿಯುವವರೆಗೆ ಕೊಡಬೇಕು ಎನ್ನುವವರಿದ್ದಾರೆ. ಸಾಮಾನ್ಯರ ಸಾಲಿಗೆ ಬಂದ ಮೇಲೆ ಸಾಕು ಎನ್ನುವವರೂ ಇದ್ದಾರೆ. ತಂದೆ ಮೊದಲನೆಯ ಪಕ್ಷ. ತೀರ್ಮಾನ ಮಾಡಿದ್ದು ಸು. ಆ ವರ್ಷ ಅವನು ತಿಂಗಳಲ್ಲಿ ಆರೇಳು ಇಂಜೆಕ್ಷನ್ ತಪ್ಪಿಸುತ್ತಿದ್ದ. ಪೆನ್ನಿನಲ್ಲಿ ಉಳಿದ ಔಷಧಿಯ ಲೆಕ್ಕದಿಂದ ಅದು ನನಗೆ ಗೊತ್ತಾಗಿತ್ತು. ಕೇಳಿದರೆ ಮುಚ್ಚಿಡಲಿಲ್ಲ. “ನನಗೆ ಸಾಕು ಡಾಕ್ಟರೇ. ಅಪ್ಪನಿಗೆ ನೀವು ಹೇಳಿ” ಎಂದ. ಹತ್ತನೇ ವಯಸ್ಸಿನಲ್ಲಿ ಅವನ ಒಪ್ಪಿಗೆ ಕೇಳಿದ್ದ ಮೇಲೆ ಹದಿನೈದನೇ ವಯಸ್ಸಿನ ನಿರಾಕರಣೆಯನ್ನು ತಳ್ಳಿಹಾಕುವುದು ಸರಿಯೆನಿಸಲಿಲ್ಲ. ಆ ಡಿಸೆಂಬರ್‌ನಲ್ಲಿ, 151.8 ಸೆಂ.ಮೀ. ಇದ್ದಾಗ, ನಾಲ್ಕೂವರೆ ವರ್ಷಗಳ ಚಿಕಿತ್ಸೆ ನಿಲ್ಲಿಸಿದೆವು. ನಿಲ್ಲಿಸಿದ ಮೇಲೆ ಪ್ರಾಯದ ಬಲದಲ್ಲೇ ಮೊದಲ ವರ್ಷ 5.8, ಎರಡನೇ ವರ್ಷ 3.3 ಸೆಂ.ಮೀ. ಬೆಳೆದ.

2025ರ ಮೇ ತಿಂಗಳಲ್ಲಿ ಧಾರವಾಡದಲ್ಲಿ ಓದುತ್ತಿದ್ದವನು ರಜೆಗೆ ಬಂದಾಗ ತಂದೆಯೊಂದಿಗೆ ಬಂದು ಅದೇ ಗೋಡೆಗೆ ನಿಂತ. 162.6 ಸೆಂ.ಮೀ. ತಂದೆಗಿಂತ ಒಂದೂವರೆ ಸೆಂ.ಮೀ. ಕಡಿಮೆ. ಊಹಿಸಿದ್ದಕ್ಕಿಂತ ನಾಲ್ಕು ಹೆಚ್ಚು, ವಂಶದ ಗುರಿಗಿಂತ ಒಂದು ಕಡಿಮೆ.

“ಇದರಲ್ಲಿ ಔಷಧಿಯದೆಷ್ಟು?” ಎಂದು ತಂದೆ ಕೇಳಿದರು. ಮೊದಲ ಊಹೆಯಲ್ಲೇ ಐದಾರು ಸೆಂ.ಮೀ. ಹೆಚ್ಚುಕಮ್ಮಿ ಇತ್ತು. ಹಾಗಾಗಿ ಈ ನಾಲ್ಕೂ ಔಷಧಿಯದೇ ಇರಬಹುದು, ಅರ್ಧ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಮೊದಲ ವರ್ಷದ ಜಿಗಿತ ನೋಡಿದರೆ ಸ್ವಲ್ಪವಾದರೂ ಔಷಧಿಯದೇ ಎಂದು ನಾನು ನಂಬುತ್ತೇನೆ, ಆಣೆ ಇಟ್ಟು ಹೇಳಲಾರೆ ಎಂದೆ. ಪ್ರಯಾಣ, ಪರೀಕ್ಷೆ ಸೇರಿ ಒಟ್ಟು ಖರ್ಚು 12 ಲಕ್ಷದ ಹತ್ತಿರ. ಎಲ್ಲವೂ ಔಷಧಿಯ ಫಲವೇ ಎಂದುಕೊಂಡರೂ ಸೆಂಟಿಮೀಟರಿಗೆ ಮೂರು ಲಕ್ಷ. ಅವರು ಅದನ್ನು ಮನಸ್ಸಿನಲ್ಲೇ ಅಡಿಕೆಗೆ ತಿರುಗಿಸಿ, “ಮೂವತ್ತೈದು ಕ್ವಿಂಟಾಲ್ ಚಾಲಿ” ಎಂದರು. ಬೇಸರದಿಂದಲ್ಲ, ಲೆಕ್ಕ ಒಪ್ಪಿಸುವ ಧಾಟಿಯಲ್ಲಿ.

ಇದೇ ಹುಡುಗ ನಾಳೆ ಮತ್ತೆ ಬಂದರೆ ಏನು ಮಾಡುತ್ತೇನೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಆ ವರ್ಷದ ಕಾಯುವಿಕೆ, ಆ ಷರತ್ತು, ಒಬ್ಬನನ್ನೇ ಕೂರಿಸಿ ಕೇಳಿದ ಮಾತು, ಇವನ್ನೆಲ್ಲ ಹಾಗೆಯೇ ಮಾಡುತ್ತೇನೆ. ಮನೆಯವರು ಸಾಲ ಮಾಡಬೇಕಾಗಿದ್ದರೆ ಮಾತ್ರ ಬೇಡ ಎಂದು ಗಟ್ಟಿಯಾಗಿಯೇ ಹೇಳುತ್ತೇನೆ.

ಅಭಿಮನ್ಯುವಿನ ವೇಷದ ಬಗ್ಗೆ ಸುವನ್ನು ಕೇಳಿದೆ. ಎಂಟನೇ ತರಗತಿಯಲ್ಲಿ ಸಿಕ್ಕಿತಂತೆ, ಅಂದರೆ ಇನ್ನೂ ಸಾಲಿನಲ್ಲಿ ಅವನೇ ಗಿಡ್ಡನಿದ್ದಾಗ. ಭಾಗವತರು, ಅಭಿಮನ್ಯು ಹುಡುಗನೇ ಅಲ್ಲವೇ ಎಂದಿದ್ದರಂತೆ.